ಗಾಳಿಯಂತ್ರ ಹಿಡಿಯೋದು 59%, ಉಳಿದ 41% ಎಲ್ಲಿ ಹೋಗುತ್ತೆ?

ಸುಮಾ_ಗದಗ

ಎಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮಹಡಿ ಹತ್ತಿದರೆ ಕಪ್ಪತಗುಡ್ಡದ ಕಡೆಯ ಫ್ಯಾನುಗಳು ಕಾಣುತ್ತವೆ. ಹಾಗಾಗಿ ಗಾಳಿ ವಿದ್ಯುತ್ತಿನ ಪಾಠ ಬಂದಾಗ ಮಕ್ಕಳು ಪ್ರಶ್ನೆ ಕೇಳದೆ ಬಿಡುವುದಿಲ್ಲ.

ಕಳೆದ ವಾರ ಬೆಟ್ಜ್ ಮಿತಿ ಹೇಳಿಕೊಟ್ಟೆ. ಗಾಳಿಯಲ್ಲಿರುವ ಪವರ್‌ನಲ್ಲಿ ಹೆಚ್ಚೆಂದರೆ 16/27, ಅಂದರೆ 59.3% ಮಾತ್ರ ತೆಗೆಯಬಹುದು ಅಂದೆ. ಉಳಿದದ್ದು ಎಲ್ಲಿ ಹೋಗುತ್ತೆ ಅಂತ ಒಬ್ಬ ಹುಡುಗ ಕೇಳಿದ. ಹಿಂದೆ ಹೋಗುವ ಗಾಳಿಯಲ್ಲೇ ಉಳಿಯುತ್ತದೆ ಅಂತ ಹೇಳಿದೆ.

ಮರುದಿನ ಅವನು ಲೆಕ್ಕ ಮಾಡಿಕೊಂಡು ಬಂದ. "ಮಿಸ್, ಬೆಟ್ಜ್ ಸ್ಥಿತಿಯಲ್ಲಿ ಹಿಂದಿನ ಗಾಳಿಯ ವೇಗ ಮೂರನೇ ಒಂದು ಭಾಗ ಅಂತ ನೀವೇ ಹೇಳಿದ್ರಿ. ಶಕ್ತಿ ವೇಗದ ವರ್ಗದ ಮೇಲೆ ನಿಂತಿದೆ. ಅಂದ್ರೆ ಹಿಂದೆ ಉಳಿಯೋದು 1/9, ಬರೀ 11%. ಹಾಗಾದ್ರೆ ನಾವು 89% ತೆಗೆದ ಹಾಗಾಯ್ತು. 59 ಎಲ್ಲಿಂದ ಬಂತು?"

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವನ ಲೆಕ್ಕದಲ್ಲಿ ತಪ್ಪು ಕಾಣುತ್ತಿಲ್ಲ. ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

ವಿನಯ್_ಮೆಕ್ಯಾನಿಕಲ್

ಮೇಡಂ, ಇದು ಸುಲಭ. ಗಾಳಿಯನ್ನು ಪೂರ್ತಿ ನಿಲ್ಲಿಸಿದರೆ ಅದು ಅಲ್ಲೇ ಗುಡ್ಡೆ ಬೀಳುತ್ತದೆ, ಹಿಂದಿನಿಂದ ಹೊಸ ಗಾಳಿ ಬರಲು ಜಾಗ ಇರಲ್ಲ. ಪೂರ್ತಿ ಬಿಟ್ಟರೆ ಶಕ್ತಿ ಸಿಗಲ್ಲ. ಎರಡರ ನಡುವೆ ಎಲ್ಲೋ ಒಂದು ಕಡೆ ಗರಿಷ್ಠ ಇರಲೇಬೇಕು, ಅದೇ 59%. ಉಳಿದ 41%ರಲ್ಲಿ 11% ಗಾಳಿಯಲ್ಲಿ ಹೋದರೆ, ಮಿಕ್ಕ 30% ಘರ್ಷಣೆ, ಗೇರ್‌ಬಾಕ್ಸ್ ಅಂತ ಶಾಖವಾಗಿ ಹೋಗುತ್ತದೆ.

ರಾಘು_ಬ್ಲೇಡ್

ವಿನಯ್ ಅವರ ಮೊದಲ ಅರ್ಧ ಸರಿ, ಎರಡನೇ ಅರ್ಧ ಸರಿಯಿಲ್ಲ. ಬೆಟ್ಜ್ ಲೆಕ್ಕದಲ್ಲಿ ಗೇರ್‌ಬಾಕ್ಸೂ ಇಲ್ಲ, ಘರ್ಷಣೆಯೂ ಇಲ್ಲ. ಬ್ಲೇಡ್ ಕೂಡ ಇಲ್ಲ! ಇರುವುದು ಒಂದು ತೆಳುವಾದ ತಟ್ಟೆ. ಅದರೊಳಗೆ ಗಾಳಿ ತೂರಿಹೋಗುತ್ತದೆ, ತೂರುವಾಗ ಒತ್ತಡ ಕಳೆದುಕೊಳ್ಳುತ್ತದೆ, ಅಷ್ಟೇ. ಆಕ್ಚುಯೇಟರ್ ಡಿಸ್ಕ್ ಅಂದರೆ ಇದೇ. ಹಡಗಿನ ಪ್ರೊಪೆಲರ್‌ಗಾಗಿ 19ನೇ ಶತಮಾನದಲ್ಲಿ ರ‍್ಯಾಂಕಿನ್ ಮತ್ತು ಫ್ರೂಡ್ ಕಟ್ಟಿದ ಲೆಕ್ಕ. ಅದನ್ನು ತಿರುಗಿಸಿ ಗಾಳಿಯಂತ್ರಕ್ಕೆ ಹಾಕಿದವರು ಇಂಗ್ಲೆಂಡಿನ ಲ್ಯಾಂಚೆಸ್ಟರ್ 1915ರಲ್ಲಿ, ಗಟ್ಟಿಂಗನ್‌ನ ಬೆಟ್ಜ್ ಮತ್ತು ಮಾಸ್ಕೋದ ಜುಕೋವ್‌ಸ್ಕಿ 1920ರಲ್ಲಿ.

ಸುಮಾ ಮೇಡಂ, ನಿಮ್ಮ ಹುಡುಗನ 8/9 ಸರಿ, ನಿಮ್ಮ 16/27 ಕೂಡ ಸರಿ. ಎರಡೂ ಬೇರೆ ಬೇರೆ ಗಾಳಿಯ ಪಾಲು.

ಒಂದು ಫ್ಯಾನ್ ತಗೊಳ್ಳೋಣ. ರೋಟರ್ ವ್ಯಾಸ 88 ಮೀಟರ್, ವಿಸ್ತೀರ್ಣ ಸುಮಾರು 6,080 ಚದರ ಮೀಟರ್. ಗಾಳಿ ಸೆಕೆಂಡಿಗೆ 8 ಮೀಟರ್. ನಮ್ಮ ಗುಡ್ಡಗಳ ಎತ್ತರಕ್ಕೆ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.1 ಕಿಲೋ ಅಂತ ಇಟ್ಟುಕೊಳ್ಳಿ. ಫ್ಯಾನ್ ಇಲ್ಲದೇ ಇದ್ದಾಗ ಆ 88 ಮೀಟರ್ ಚಕ್ರದೊಳಗೆ ಹಾಯುವ ಗಾಳಿಯ ಪವರ್ 1.71 ಮೆಗಾವ್ಯಾಟ್. 59% ಅನ್ನುವುದು ಈ ಅಂಕಿಯ ಪಾಲು.

ಅಲ್ಲಿ ಫ್ಯಾನ್ ಹಾಕಿದ ಮೇಲೆ ಆ ಗಾಳಿ ಪೂರ್ತಿ ಒಳಗೆ ಬರುವುದಿಲ್ಲ. ಮುಂದೆ ತಡೆ ಇದೆ ಅಂತ ಗೊತ್ತಾದ ಹಾಗೆ, ಮುಟ್ಟುವ ಮೊದಲೇ ಅದರ ವೇಗ ಇಳಿಯುತ್ತದೆ, ಸ್ವಲ್ಪ ಪಕ್ಕಕ್ಕೆ ಸರಿದು ಹೋಗುತ್ತದೆ. ಬೆಟ್ಜ್ ಸ್ಥಿತಿಯಲ್ಲಿ ತಟ್ಟೆಯ ಹತ್ತಿರ ವೇಗ 8ರಿಂದ 5.33ಕ್ಕೆ ಇಳಿದಿರುತ್ತದೆ. ಅಂದರೆ ಒಳಗೆ ಬರುವ ಗಾಳಿ ಮೂರರಲ್ಲಿ ಎರಡು ಪಾಲು ಮಾತ್ರ. ಉಳಿದ ಒಂದು ಪಾಲು ಫ್ಯಾನನ್ನು ಸುತ್ತಿಕೊಂಡು ಹೊರಗಿನಿಂದಲೇ ಹೋಯಿತು.

ಒಳಗೆ ಬಂದ ಎರಡು ಪಾಲಿನಿಂದ ಹುಡುಗ ಹೇಳಿದ ಹಾಗೆ 8/9 ತೆಗೆದೆವು. 2/3 × 8/9 = 16/27. ಇಷ್ಟೇ.

ಹಾಗಾಗಿ 41% ಎಲ್ಲಿ ಅಂದರೆ: ನೂರರಲ್ಲಿ 33.3 ಒಳಗೆ ಬರಲೇ ಇಲ್ಲ. 7.4 ಮಾತ್ರ ಒಳಗೆ ಬಂದು, ಹಿಂದಿನ ಗಾಳಿಯ ಜೊತೆ ಹೋಯಿತು.

ಸುಮಾ_ಗದಗ

ಅಬ್ಬಾ! ಇಷ್ಟು ವರ್ಷ ಈ ಪಾಠ ಮಾಡಿದ್ದೇನೆ, 41%ರ ಬಹುಪಾಲು ಫ್ಯಾನಿನ ಒಳಗೇ ಬರುವುದಿಲ್ಲ ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಒಂದು ಸಂದೇಹ. ತಟ್ಟೆಯ ಹತ್ತಿರ 5.33, ಹಿಂದೆ 2.67. ನಡುವಿನದು ಮುಂದಿನ ಮತ್ತು ಹಿಂದಿನ ವೇಗದ ಸರಿಯಾದ ಸರಾಸರಿ. ಪುಸ್ತಕದಲ್ಲಿ ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಸರಾಸರಿಯೇ ಯಾಕೆ ಆಗಬೇಕು?

ರಾಘು_ಬ್ಲೇಡ್

ಒಂದೇ ಬಲವನ್ನು ಎರಡು ದಾರಿಯಲ್ಲಿ ಲೆಕ್ಕ ಹಾಕಿದರೆ ಸರಾಸರಿ ತಾನಾಗಿ ಬರುತ್ತದೆ.

ಮೊದಲ ದಾರಿ, ಸಂವೇಗ. ಸೆಕೆಂಡಿಗೆ ಎಷ್ಟು ಕಿಲೋ ಗಾಳಿ ಹಾದುಹೋಯಿತು, ಪ್ರತಿ ಕಿಲೋ ಎಷ್ಟು ವೇಗ ಕಳೆದುಕೊಂಡಿತು ನೋಡಿ. ನಮ್ಮ ಫ್ಯಾನಿನಲ್ಲಿ ಸೆಕೆಂಡಿಗೆ ಸುಮಾರು 35.7 ಟನ್ ಗಾಳಿ ಹಾಯುತ್ತದೆ. ವೇಗ 8ರಿಂದ 2.67ಕ್ಕೆ ಇಳಿಯುತ್ತದೆ. ಗುಣಿಸಿದರೆ 190 ಕಿಲೋನ್ಯೂಟನ್.

ಎರಡನೇ ದಾರಿ, ಒತ್ತಡ. ತಟ್ಟೆಯ ಮುಂದೆ ಗಾಳಿ ನಿಧಾನವಾಗಿದೆ, ಹಾಗಾಗಿ ಒತ್ತಡ ಸುಮಾರು 19.6 ಪಾಸ್ಕಲ್ ಏರಿದೆ. ತಟ್ಟೆ ದಾಟಿದ ಕೂಡಲೇ ಒತ್ತಡ ಮಾಮೂಲಿಗಿಂತ 11.7 ಪಾಸ್ಕಲ್ ಕೆಳಗೆ. ವ್ಯತ್ಯಾಸ 31.3 ಪಾಸ್ಕಲ್. ವಿಸ್ತೀರ್ಣದಿಂದ ಗುಣಿಸಿದರೆ ಮತ್ತೆ ಅದೇ 190.

ಮೊದಲ ದಾರಿಯಲ್ಲಿ ವೇಗಗಳ ವ್ಯತ್ಯಾಸ ಬರುತ್ತದೆ, ಎರಡನೆಯದರಲ್ಲಿ ವರ್ಗಗಳ ವ್ಯತ್ಯಾಸ. ವರ್ಗಗಳ ವ್ಯತ್ಯಾಸವನ್ನು ಒಡೆದರೆ ಒಂದು ಮೊತ್ತ, ಒಂದು ವ್ಯತ್ಯಾಸ. ವ್ಯತ್ಯಾಸ ಎರಡೂ ಕಡೆ ಹೊಡೆದುಹೋಗುತ್ತದೆ. ಉಳಿಯುವುದು ಮೊತ್ತದ ಅರ್ಧ, ಅಂದರೆ ಸರಾಸರಿ.

ಆ 31 ಪಾಸ್ಕಲ್ ಅನ್ನು ಸ್ವಲ್ಪ ನಿಂತು ನೋಡಿ ಮೇಡಂ. ಮೂರು ಮಿಲಿಮೀಟರ್ ಎತ್ತರದ ನೀರು ಕೊಡುವ ಒತ್ತಡ ಅದು. ಬಟ್ಟಲ ತಳದಲ್ಲಿ ಉಳಿದ ನೀರಿನಷ್ಟು. ಅಷ್ಟು ಸಣ್ಣ ಒತ್ತಡ 6,080 ಚದರ ಮೀಟರ್ ಮೇಲೆ ಹರಡಿದಾಗ 19 ಟನ್ ತೂಕದ ತಳ್ಳಾಟ ಆಗುತ್ತದೆ. ಕಂಬ ಅಷ್ಟು ದಪ್ಪ ಇರುವುದು ಅದಕ್ಕೇ. ನನಗೆ ಈ ಕೆಲಸದಲ್ಲಿ ಇವತ್ತಿಗೂ ಬೆರಗು ಹುಟ್ಟಿಸುವ ಅಂಕಿ ಇದು.

ಅನುಷಾ_ಎಸ್

ಮಧ್ಯೆ ಬಂದೆ, ಕ್ಷಮಿಸಿ. ತಟ್ಟೆ ಅಂತ ಹೇಳುತ್ತಿದ್ದೀರಿ, ಆದರೆ ನಿಜವಾದ ಫ್ಯಾನಿಗೆ ಇರುವುದು ಮೂರು ಸಣ್ಣ ರೆಕ್ಕೆ. ನಡುವೆ ಅಷ್ಟು ದೊಡ್ಡ ಖಾಲಿ ಜಾಗ. ಅಲ್ಲಿಂದ ಗಾಳಿ ಸುಮ್ನೆ ಹೋಗಿಬಿಡುತ್ತೆ ಅಲ್ವಾ? ಒಂದು ಪಾಲು ಹೊರಗೆ ಹೋಯಿತು ಅಂದಿದ್ದು ಅದನ್ನೇನಾ? ಹಾಗಿದ್ದರೆ ಹತ್ತು ರೆಕ್ಕೆ ಹಾಕಿದರೆ ಜಾಸ್ತಿ ಸಿಗಬೇಕಲ್ಲ?

ಸೈಟ್_ಮಂಜು

ಅನುಷಾ ಅವರೇ, ಹತ್ತಿರ ಬಂದು ನೋಡಿದರೆ ಹಾಗೆ ಅನ್ನಿಸಲ್ಲ. ನಾನು ಎಂಟು ವರ್ಷದಿಂದ ಫ್ಯಾನುಗಳ ಮೆಂಟೆನೆನ್ಸ್ ಮಾಡುತ್ತಿದ್ದೇನೆ. ದೂರದಿಂದ ನಿಧಾನ ಕಾಣುತ್ತದೆ, ಬುಡದಲ್ಲಿ ನಿಂತರೆ ರೆಕ್ಕೆಯ ತುದಿ ಹಾಯುವ ಸದ್ದಿಗೆ ಎದೆ ಝಲ್ಲೆನ್ನುತ್ತದೆ. 88 ಮೀಟರಿನದು ನಿಮಿಷಕ್ಕೆ 14 ಸುತ್ತು ಹೊಡೆದರೂ ತುದಿಯ ವೇಗ ಸೆಕೆಂಡಿಗೆ 64 ಮೀಟರ್ ದಾಟುತ್ತದೆ.

ರಾಘು_ಬ್ಲೇಡ್

ಮಂಜು ಅವರ ಅಂಕಿಯನ್ನೇ ಮುಂದುವರಿಸುತ್ತೇನೆ. ನಿಮಿಷಕ್ಕೆ 14 ಸುತ್ತು, ಮೂರು ರೆಕ್ಕೆ. ಅಂದರೆ ಒಂದೇ ಜಾಗದಲ್ಲಿ ಪ್ರತಿ 1.43 ಸೆಕೆಂಡಿಗೆ ಒಂದು ರೆಕ್ಕೆ ಹಾಯುತ್ತದೆ. ಅಷ್ಟರಲ್ಲಿ ಗಾಳಿ ಮುಂದೆ ಸಾಗುವುದು ಏಳೂವರೆ ಮೀಟರ್ ಮಾತ್ರ. ರೆಕ್ಕೆ ಗಾಳಿಯನ್ನು ಮುಟ್ಟಿಯೇ ಹಿಡಿಯಬೇಕು ಅಂತಿಲ್ಲ, ಅದರ ಒತ್ತಡದ ಪ್ರಭಾವ ಸುತ್ತಮುತ್ತ ಮೀಟರುಗಟ್ಟಲೆ ಹರಡಿರುತ್ತದೆ. ಹಾಗಾಗಿ ಗಾಳಿಯ ಪಾಲಿಗೆ ಅದು ಹೆಚ್ಚು ಕಡಿಮೆ ಒಂದು ಪೂರ್ತಿ ತಟ್ಟೆಯೇ. ತುದಿಯಲ್ಲಿ ಮಾತ್ರ ಸ್ವಲ್ಪ ಸೋರುತ್ತದೆ.

ನಾನು ಹೇಳಿದ ಆ ಒಂದು ಪಾಲು ರೆಕ್ಕೆಗಳ ಸಂದಿಯಿಂದ ಹೋಗಿದ್ದಲ್ಲ. ಪೂರ್ತಿ ಚಕ್ರದ ಹೊರಗಿನಿಂದ ಹೋಗಿದ್ದು. ಹತ್ತು ರೆಕ್ಕೆ ಅದೇ ವೇಗದಲ್ಲಿ ತಿರುಗಿದರೆ ತಡೆ ಹೆಚ್ಚಾಗಿ ಇನ್ನೂ ಜಾಸ್ತಿ ಗಾಳಿ ಹೊರಗೆ ಸರಿಯುತ್ತದೆ.

ಅಡುಗೆಮನೆಯ ಜರಡಿ ನೆನಪಿಸಿಕೊಳ್ಳಿ. ರವೆ ಜರಡಿಯನ್ನು ಗಾಳಿಗೆ ಹಿಡಿದರೆ ಗಾಳಿ ಸಲೀಸಾಗಿ ತೂರುತ್ತದೆ, ಕೈಗೆ ತಳ್ಳು ಕಮ್ಮಿ. ಮೈದಾ ಜರಡಿ ಹಿಡಿದರೆ ತಳ್ಳು ಜಾಸ್ತಿ, ತೂರುವ ಗಾಳಿ ಕಮ್ಮಿ. ಪವರ್ ಅಂದರೆ ತಳ್ಳು ಮತ್ತು ತೂರುವ ವೇಗ, ಎರಡರ ಗುಣಾಕಾರ. ನಮ್ಮ ಫ್ಯಾನಿಗೆ 190 ಕಿಲೋನ್ಯೂಟನ್ × 5.33 = 1.01 ಮೆಗಾವ್ಯಾಟ್. ಜರಡಿಯನ್ನು ಇನ್ನೂ ಬಿಗಿ ಮಾಡಿದರೆ ತಳ್ಳು ಏರುವುದಕ್ಕಿಂತ ವೇಗ ಬೇಗ ಬೀಳುತ್ತದೆ.

ಬಸಣ್ಣ_ಚಿತ್ರದುರ್ಗ

ನಮಸ್ಕಾರ. ನಿಮ್ಮ ಲೆಕ್ಕ ನನಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ನನ್ನ ಸಮಸ್ಯೆ ಇದಕ್ಕೇ ಸೇರಿದ್ದು ಅನ್ನಿಸಿತು. ಹೋದ ವರ್ಷ ಮನೆ ಮೇಲೆ ಒಂದು ಸಣ್ಣ ಫ್ಯಾನ್ ಹಾಕಿಸಿದೆ. ಎರಡು ಮೀಟರ್ ವ್ಯಾಸ. ಮಾರಿದವರು ಒಂದು ಕಿಲೋವ್ಯಾಟ್ ಅಂದರು, ಗಾಳಿಯ 85% ಹಿಡಿಯುತ್ತದೆ ಅಂತ ಕಾಗದದಲ್ಲೂ ಬರೆದುಕೊಟ್ಟರು. ಮೀಟರಿನಲ್ಲಿ ದಿನಕ್ಕೆ ಒಂದು ಯೂನಿಟ್ ಕೂಡ ಆಗುತ್ತಿಲ್ಲ. ಫ್ಯಾನ್ ಚೆನ್ನಾಗಿಯೇ ತಿರುಗುತ್ತದೆ. ಇದು ಮೋಸವಾ, ಇಲ್ಲ ವೈರಿಂಗ್ ತೊಂದರೆಯಾ?

ರಾಘು_ಬ್ಲೇಡ್

ಬಸಣ್ಣನವರೇ, ಕಾಗದದಲ್ಲಿ ಎಷ್ಟು ಗಾಳಿಗೆ ಒಂದು ಕಿಲೋವ್ಯಾಟ್ ಅಂತ ಇದೆ, ಸ್ವಲ್ಪ ನೋಡಿ ಹೇಳುತ್ತೀರಾ?

ಬಸಣ್ಣ_ಚಿತ್ರದುರ್ಗ

ಕೆಳಗೆ ಸಣ್ಣಕ್ಷರದಲ್ಲಿ 12 ಅಂತ ಇದೆ. ಮಗ ಒಂದು ಮೀಟರ್ ತಂದು ಮಹಡಿ ಮೇಲೆ ಅಳೆದಾಗ 4ರ ಆಸುಪಾಸು ಬಂತು.

ರಾಘು_ಬ್ಲೇಡ್

ಹಾಗಾದರೆ ವೈರಿಂಗ್ ಬಿಟ್ಟುಬಿಡಿ. ಪವರ್ ವೇಗದ ಘನದ ಮೇಲೆ ನಿಂತಿದೆ. 12ಕ್ಕೂ 4ಕ್ಕೂ ಮೂರು ಪಟ್ಟು, ಘನ ಮಾಡಿದರೆ 27 ಪಟ್ಟು. 1,000 ವ್ಯಾಟನ್ನು 27ರಿಂದ ಭಾಗಿಸಿ, 37 ವ್ಯಾಟ್. ಇಡೀ ದಿನ ಒಂದೇ ಸಮ 4 ಬೀಸಿದರೂ 0.9 ಯೂನಿಟ್ಟಿನ ಹತ್ತಿರ. ನಿಮ್ಮ ಮೀಟರ್ ಸರಿಯಾಗಿಯೇ ತೋರಿಸುತ್ತಿದೆ.

ಇನ್ನು 85%. 4 ಮೀಟರ್ ಗಾಳಿಯಲ್ಲಿ ನಿಮ್ಮ ಫ್ಯಾನಿನ ಚಕ್ರಕ್ಕೆ ಬರುವ ಪವರ್ 110 ವ್ಯಾಟ್. ಬೆಟ್ಜ್ ಪ್ರಕಾರ 65ರ ಮೇಲೆ ಯಾರೂ ತೆಗೆಯಲಾರರು. 85% ಅಂದರೆ 94 ವ್ಯಾಟ್, ಅದು ಆಗದ ಮಾತು. ಅದು ಬರೀ ಜನರೇಟರಿನ ದಕ್ಷತೆ ಇರಬಹುದು. ಅದನ್ನು ಗಾಳಿಯ ಪಾಲು ಅಂತ ಬರೆದಿದ್ದು ತಪ್ಪು. ಅವರ ಒಂದು ಕಿಲೋವ್ಯಾಟ್ ಅಂಕಿಯಿಂದಲೇ ಲೆಕ್ಕ ಹಾಕಿದರೂ 33% ಬರುತ್ತದೆ. ಸಣ್ಣ ಯಂತ್ರಕ್ಕೆ ಅದೇನೂ ಕಳಪೆ ಅಲ್ಲ. ಕೊರತೆ ಇರುವುದು ನಿಮ್ಮ ಮಹಡಿಯ ಗಾಳಿಯಲ್ಲಿ.

ಬಸಣ್ಣ_ಚಿತ್ರದುರ್ಗ

ಈಗ ಅರ್ಥವಾಯಿತು. ಯಂತ್ರ ಕೆಟ್ಟಿಲ್ಲ ಅಂತ ಸಮಾಧಾನ. ಹಣ ಹೋದ ಬೇಸರ ಮಾತ್ರ ಹಾಗೇ ಇದೆ. ಜೋಗಿಮಟ್ಟಿಯ ಮೇಲಿರುವ ಫ್ಯಾನುಗಳನ್ನು ನೋಡಿ ನಮ್ಮ ಮಹಡಿಗೂ ಅದೇ ಗಾಳಿ ಬರುತ್ತೆ ಅಂದುಕೊಂಡಿದ್ದೆ.

ಸೈಟ್_ಮಂಜು

59ರ ಮೇಲೆ ಯಾರೂ ತೆಗೆಯಲಾರರು ಅಂದಿರಿ ಸರ್. ನಾನು ಒಂದು ಫ್ಯಾನಿನ ಸ್ಕಾಡಾ ಡೇಟಾ, ಅಂದರೆ ಅದರ ಕಂಪ್ಯೂಟರ್ ದಾಖಲಿಸಿದ ಅಂಕಿಗಳನ್ನು ತೆಗೆದು ಎಕ್ಸೆಲ್‌ನಲ್ಲಿ ಹಾಕಿದೆ. ಹತ್ತು ನಿಮಿಷದ ಸರಾಸರಿ ಗಾಳಿ, ಹತ್ತು ನಿಮಿಷದ ಸರಾಸರಿ ಪವರ್. ಗಾಳಿ 6ರಿಂದ 9ರ ನಡುವೆ ಪವರ್‌ನ ಪಾಲು 0.63 ಬರುತ್ತಿದೆ. ಒಂದೆರಡು ಸಲ ಅಲ್ಲ, ತಿಂಗಳಿಡೀ ಹಾಗೇ. ಸೂತ್ರ ಎರಡು ಸಲ ನೋಡಿದ್ದೇನೆ.

ವಿನಯ್_ಮೆಕ್ಯಾನಿಕಲ್

ಸಾಂದ್ರತೆ ಎಷ್ಟು ಹಾಕಿದ್ದೀರಿ? ಸಮುದ್ರ ಮಟ್ಟದ 1.225 ಹಾಕಿದ್ದರೆ ಅಲ್ಲೇ ತಪ್ಪು.

ರಾಘು_ಬ್ಲೇಡ್

ವಿನಯ್, ಒಳ್ಳೆಯ ಪ್ರಶ್ನೆ, ಆದರೆ ಆ ತಪ್ಪು ಉಲ್ಟಾ ಕಡೆ ಎಳೆಯುತ್ತದೆ. ಸಾಂದ್ರತೆ ಜಾಸ್ತಿ ಹಾಕಿದರೆ ಗಾಳಿಯ ಪವರ್ ಜಾಸ್ತಿ ಬಂದು ಪಾಲು ಕಮ್ಮಿಯಾಗುತ್ತದೆ.

ಮಂಜು ಅವರೇ, ಗಾಳಿ ಅಳೆಯುವ ಬಟ್ಟಲು ಎಲ್ಲಿದೆ? ಕಂಬದ ತುದಿಯ ಪೆಟ್ಟಿಗೆ ಇದೆಯಲ್ಲ, ಆ ನಾಸೆಲ್ ಮೇಲೆ, ರೋಟರಿನ ಹಿಂದೆ ಅಲ್ವಾ?

ಸೈಟ್_ಮಂಜು

ಹೌದು ಸರ್, ನಾಸೆಲ್ ಬೆನ್ನಿನ ಮೇಲೆ, ಹಿಂಭಾಗದಲ್ಲಿ.

ರಾಘು_ಬ್ಲೇಡ್

ಉತ್ತರ ಅಲ್ಲೇ ಇದೆ. ರೋಟರ್ ನಿಧಾನ ಮಾಡಿದ ಗಾಳಿಯನ್ನು ನೀವು ಅಳೆಯುತ್ತಿದ್ದೀರಿ. ಸೂತ್ರಕ್ಕೆ ಬೇಕಾಗಿದ್ದು ಫ್ಯಾನ್ ಮುಟ್ಟದ, ಮುಂದಿನ ಗಾಳಿ. ಬಟ್ಟಲು 10% ಕಮ್ಮಿ ತೋರಿಸಿದರೆ ಸಾಕು, ಘನದಲ್ಲಿ ಅದು 27% ಕಮ್ಮಿ. ನಿಜವಾದ 0.46 ಎಕ್ಸೆಲ್‌ನಲ್ಲಿ 0.63 ಆಗುತ್ತದೆ. ಇದನ್ನು ತಿದ್ದಲು ಕಂಟ್ರೋಲರಿನಲ್ಲಿ ಒಂದು ಕೋಷ್ಟಕ ಇರುತ್ತದೆ. ನೀವು ತಿದ್ದದ ಕಾಲಂ ತೆಗೆದಿರಬಹುದು, ಇಲ್ಲ ಆ ಕೋಷ್ಟಕ ನಿಮ್ಮ ಯಂತ್ರಕ್ಕೆ ಹೊಂದುತ್ತಿಲ್ಲ.

ಖಚಿತ ಮಾಡಿಕೊಳ್ಳಲು ಒಂದು ದಾರಿ. ಸೈಟಿನಲ್ಲಿ ಗಾಳಿ ಅಳೆಯುವ ಕಂಬ ಇದ್ದರೆ ಅದರ ಅಂಕಿಯ ಜೊತೆ ಎರಡು ಸಲ ಹೋಲಿಸಿ. ಒಮ್ಮೆ ಫ್ಯಾನ್ ನಿಂತಿದ್ದಾಗ, ಒಮ್ಮೆ ಓಡುವಾಗ. ನಿಂತಾಗ ಹೊಂದಿಕೆಯಾಗಿ, ಓಡುವಾಗ ಮಾತ್ರ ಇಳಿದರೆ ರೋಟರಿನ ಪ್ರಭಾವವೇ. ಇನ್ನೊಂದು ಸುಳಿವು, ಫ್ಯಾನ್ ಪೂರ್ತಿ ಪವರ್ ತಲುಪಿದ ಮೇಲೆ ರೆಕ್ಕೆ ತಿರುಚಿಕೊಂಡು ಗಾಳಿಯನ್ನು ಬಿಟ್ಟುಕೊಡುತ್ತದೆ. ಆಗ ಈ ವ್ಯತ್ಯಾಸ ಕುಗ್ಗಬೇಕು.

ಸೈಟ್_ಮಂಜು

ಕಂಬ ಇದೆ, ಎರಡು ಫ್ಯಾನ್ ಆಚೆ. ಮುಂದಿನ ಸರ್ವಿಸ್‌ಗೆ ನಿಲ್ಲಿಸಿದಾಗ ನೋಡುತ್ತೇನೆ. ಇನ್ನೊಂದು ಕೇಳಲೇ? ನಮ್ಮ ಕೆಲವು ಫ್ಯಾನುಗಳನ್ನು ಬೇಕೆಂದೇ ಸ್ವಲ್ಪ ಸಡಿಲವಾಗಿ ಓಡಿಸುತ್ತಾರೆ. ಗರಿಷ್ಠ ಬಿಟ್ಟು ಕೆಳಗೆ ಓಡಿಸಿದರೆ ನಷ್ಟ ಅಲ್ವಾ?

ರಾಘು_ಬ್ಲೇಡ್

ನಷ್ಟ ನೀವು ಅಂದುಕೊಂಡಷ್ಟು ಇಲ್ಲ. ತಟ್ಟೆಯ ಹತ್ತಿರ ಗಾಳಿ ಎಷ್ಟು ಪಾಲು ವೇಗ ಕಳೆದುಕೊಂಡಿತು ಅನ್ನುವುದಕ್ಕೆ `a` ಅಂತ ಇಟ್ಟುಕೊಳ್ಳಿ. ಪವರ್‌ನ ಪಾಲು `4a(1-a)²`, ತಳ್ಳು `4a(1-a)`. ಇದನ್ನು ಪೈಥಾನ್‌ನಲ್ಲಿ ಓಡಿಸಿ ನೋಡಿ:

```
for a in (0.20, 0.25, 0.30, 0.333, 0.40):
    print(a, round(4*a*(1-a)**2, 3), round(4*a*(1-a), 3))
```

`a` 0.333 ಇದ್ದಾಗ ಪವರ್ 0.593, ತಳ್ಳು 0.888. 0.25ಕ್ಕೆ ಇಳಿಸಿದರೆ ಪವರ್ 0.562, ತಳ್ಳು 0.75. ಅಂದರೆ ಪವರ್‌ನಲ್ಲಿ 5% ಬಿಟ್ಟುಕೊಟ್ಟು ಕಂಬದ ಮೇಲಿನ ತಳ್ಳನ್ನು 16% ಇಳಿಸಿದಿರಿ. ಗುಡ್ಡದ ತುದಿ ಚಪ್ಪಟೆ ಇದ್ದ ಹಾಗೆ, ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೂ ಎತ್ತರ ಹೆಚ್ಚು ಇಳಿಯುವುದಿಲ್ಲ. ಹಿಂದಿನ ಫ್ಯಾನಿಗೂ ಜಾಸ್ತಿ ಗಾಳಿ ಉಳಿಯುತ್ತದೆ.

ಇನ್ನೊಂದು ಕಡೆ, `a` 0.4 ದಾಟಿದರೆ ಈ ಸೂತ್ರವನ್ನು ನಂಬಬೇಡಿ. 0.5ಕ್ಕೆ ಹಿಂದಿನ ಗಾಳಿ ಪೂರ್ತಿ ನಿಲ್ಲಬೇಕು ಅನ್ನುತ್ತದೆ ಸೂತ್ರ, ಅದಕ್ಕೂ ಮೇಲೆ ಹಿಂದಕ್ಕೆ ಬೀಸಬೇಕು ಅನ್ನುತ್ತದೆ. ನಿಜದಲ್ಲಿ ಹೊರಗಿನ ಗಾಳಿ ಸುಳಿಸುಳಿಯಾಗಿ ಒಳಗೆ ನುಗ್ಗುತ್ತದೆ. ಅಲ್ಲಿ ಗ್ಲಾವರ್ಟ್ ಎಂಬ ವಿಜ್ಞಾನಿ ಅಳತೆಗಳಿಂದ ಕೂಡಿಸಿದ ತಿದ್ದುಪಡಿಯನ್ನು ಬಳಸುತ್ತೇವೆ.

ಸುಮಾ_ಗದಗ

ಇವತ್ತು ಕ್ಲಾಸಿನಲ್ಲಿ ಜರಡಿಯ ಪ್ರಯೋಗ ಮಾಡಿದೆ. ಟೇಬಲ್ ಫ್ಯಾನಿನ ಮುಂದೆ ಮೈದಾ ಜರಡಿ ಹಿಡಿದು, ಅಂಚಿಗೆ ಸುತ್ತಲೂ ಹೊಲಿಗೆ ದಾರದ ತುಂಡು ಕಟ್ಟಿದ್ದೆವು. ದಾರಗಳು ನೇರ ಹಿಂದಕ್ಕೆ ಹಾರದೆ ಹೂವಿನ ಎಸಳಿನ ಹಾಗೆ ಹೊರಕ್ಕೆ ಬಿಚ್ಚಿಕೊಂಡವು. ರವೆ ಜರಡಿ ಹಿಡಿದಾಗ ಅಷ್ಟು ಬಿಚ್ಚಲಿಲ್ಲ. ಬೋರ್ಡಿನ ಮೇಲೆ ಮೂರು ವೃತ್ತ ಬರೆದೆ: ದೂರದಲ್ಲಿ ಮುಂದೆ 72 ಮೀಟರ್, ಫ್ಯಾನಿನಲ್ಲಿ 88, ಹಿಂದೆ 124. ಒಂದೇ ಗಾಳಿ, ನಿಧಾನವಾದಷ್ಟೂ ಅಗಲವಾಗುತ್ತಾ ಹೋಗುತ್ತದೆ.

ಅದೇ ಹುಡುಗ ಮತ್ತೆ ಕೇಳಿದ. "ಹಿಂದೆ 2.67ರಲ್ಲಿ ಹೋಗೋ ಗಾಳಿ ಕೊನೆಗೆ ಏನಾಗುತ್ತೆ? ಹಾಗೇ ಇರುತ್ತಾ?"

ರಾಘು_ಬ್ಲೇಡ್

ಡಿಸ್ಕ್ ಲೆಕ್ಕದಲ್ಲಿ ಹಾಗೇ ಇರುತ್ತದೆ, ಎಂದೆಂದಿಗೂ. ನಿಜದಲ್ಲಿ ಸುತ್ತಲಿನ 8 ಮೀಟರ್ ಗಾಳಿ ಅದರ ಜೊತೆ ಬೆರೆತು ಮತ್ತೆ ವೇಗ ತುಂಬುತ್ತದೆ. ಅದಕ್ಕೇ ಸಾಲಿನ ಫ್ಯಾನುಗಳ ನಡುವೆ ವ್ಯಾಸದ ಐದು, ಏಳು ಪಟ್ಟು ಜಾಗ ಬಿಡುವುದು.

ಬೆರೆಯುವಾಗ ಶಕ್ತಿ ಸೋರಿಹೋಗುತ್ತದೆ. ಫ್ಯಾನ್ ಗಾಳಿಯನ್ನು 190 ಕಿಲೋನ್ಯೂಟನ್ ಬಲದಿಂದ ತಡೆದಿದೆ. ಸುತ್ತಲಿನ ಗಾಳಿಯ ವೇಗ 8. ಎಲ್ಲ ಬೆರೆತ ಮೇಲೆ ಒಟ್ಟು ಗಾಳಿ ಕಳೆದುಕೊಂಡ ಪವರ್ 190 × 8, ಅಂದರೆ 1.52 ಮೆಗಾವ್ಯಾಟ್. ಫ್ಯಾನಿಗೆ ಸಿಕ್ಕಿದ್ದು 1.01. ಉಳಿದ ಅರ್ಧ ಮೆಗಾವ್ಯಾಟ್ ಸುಳಿಗಳಲ್ಲಿ ಬೆಚ್ಚಗಾಗಿ ಹೋಯಿತು.

ವಿನಯ್_ಮೆಕ್ಯಾನಿಕಲ್

ಹಾಗಾದರೆ ಶಾಖ ಅಂತ ನಾನು ಮೊದಲೇ ಹೇಳಿದ್ದು ಸರಿಯಾಯಿತಲ್ಲ! 41%ರಲ್ಲಿ 30% ಶಾಖ ಅಂದಿದ್ದೆ. ಅರ್ಧ ಮೆಗಾವ್ಯಾಟ್ ಅಂದರೆ 1.71ರಲ್ಲಿ 30% ಆಗುತ್ತದೆ.

ರಾಘು_ಬ್ಲೇಡ್

ಅಂಕಿ ಹತ್ತಿರ ಬಂತು, ಜಾಗ ಬೇರೆ. ನೀವು ಹೇಳಿದ್ದು ಯಂತ್ರದೊಳಗಿನ ಶಾಖ. ಇದು ಫ್ಯಾನಿನಿಂದ ಅರ್ಧ ಕಿಲೋಮೀಟರ್ ಹಿಂದೆ, ಗಾಳಿಗೂ ಗಾಳಿಗೂ ನಡುವೆ. ಅದರಲ್ಲಿ ಬಹಳಷ್ಟು ಫ್ಯಾನಿನ ಹತ್ತಿರ ಸುಳಿಯದ ಹೊರಗಿನ ಗಾಳಿಯ ಶಕ್ತಿ. ನಾನಂತೂ ಇದನ್ನು 41%ರ ಒಳಗೆ ಸೇರಿಸುವುದಿಲ್ಲ.

ವಿನಯ್_ಮೆಕ್ಯಾನಿಕಲ್

ಫ್ಯಾನ್ ಇರದಿದ್ದರೆ ಆ ಶಾಖವೂ ಇರುತ್ತಿರಲಿಲ್ಲ ಅಲ್ವಾ ಸರ್? ಹಾಗಿದ್ದ ಮೇಲೆ ಅದು ಫ್ಯಾನಿನ ಖಾತೆಗೇ ಬರಬೇಕು. ಇದನ್ನು ನಾನು ಒಪ್ಪಲಾರೆ.

ಸುಮಾ_ಗದಗ

ಇಬ್ಬರ ಲೆಕ್ಕವನ್ನೂ ಸೋಮವಾರ ಬೋರ್ಡಿನ ಮೇಲೆ ಬರೆಯುತ್ತೇನೆ. ಹುಡುಗರು ಏನು ಹೇಳುತ್ತಾರೆ ನೋಡೋಣ. ಮಂಜು ಅವರೇ, ನಿಂತ ಫ್ಯಾನಿನ ಅಳತೆ ಸಿಕ್ಕಿದಾಗ ದಯವಿಟ್ಟು ಇಲ್ಲೇ ಹಾಕಿ. ನನ್ನ ಮಕ್ಕಳಿಗೆ ಅದೇ ಡೇಟಾ ಕೊಟ್ಟು ಲೆಕ್ಕ ಮಾಡಿಸುತ್ತೇನೆ.

ಸೈಟ್_ಮಂಜು

ಖಂಡಿತ ಮೇಡಂ. ಗಾಳಿ ಚೆನ್ನಾಗಿರುವ ದಿನ ನಿಲ್ಲಿಸಲು ಅನುಮತಿ ಸಿಗಬೇಕು, ಅದೊಂದೇ ಕಷ್ಟ. ಸಿಕ್ಕಿದ ದಿನ ಎರಡೂ ಕಾಲಂ ಹಾಕುತ್ತೇನೆ, ತಿದ್ದಿದ್ದೂ ತಿದ್ದದ್ದೂ.